‘ಅಂತರ’ ಅಂದರೆ ಯಾವುದು? ಲೇಬಲ್ ಹಾಳೆಯ ಒಂದು ತೊಡಕು

ಸಾಗರದಿಂದ

ಎಲ್ಲರಿಗೂ ನಮಸ್ಕಾರ. ನಮ್ಮೂರ ಸ್ವಸಹಾಯ ಸಂಘದ ಹೆಂಗಸರು ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಗೆ ಲೇಬಲ್ ತಾವೇ ಪ್ರಿಂಟ್ ಮಾಡಿಕೊಳ್ಳುತ್ತಾರೆ. ಅವರಿಗೆ ಕನ್ನಡದಲ್ಲಿ ಅರ್ಧ ಪುಟದ ಸೂಚನೆ ಬರೆದುಕೊಟ್ಟಿದ್ದೆ. ಎ4 ಹಾಳೆ, ಅಡ್ಡಕ್ಕೆ ಮೂರು, ಉದ್ದಕ್ಕೆ ಎಂಟು. ಒಂದು ಲೇಬಲ್ 64 ಮಿ.ಮೀ. ಅಗಲ, 34 ಮಿ.ಮೀ. ಎತ್ತರ. ಪಕ್ಕಪಕ್ಕದ ಲೇಬಲ್ ನಡುವೆ 2.5 ಮಿ.ಮೀ. ಖಾಲಿ ಇದೆ, ಮೇಲೆ ಕೆಳಗೆ ಖಾಲಿಯೇ ಇಲ್ಲ.

ಆ 2.5ನ್ನೂ ‘ಅಂತರ’ ಎಂದೆ, ಲಿಬ್ರೆಆಫೀಸಿನ `Horizontal pitch` ಚೌಕಕ್ಕೆ ತುಂಬಬೇಕಾದ 66.5ನ್ನೂ ‘ಅಂತರ’ ಎಂದೆ. ಓದಿದ ಹುಡುಗಿ ಗೊಂದಲಕ್ಕೆ ಬಿದ್ದು, ‘ಉದ್ದಕ್ಕೆ 34 ಹಾಕಿದರೆ ಸರಿ ಬಂತಲ್ಲ, ಅಡ್ಡಕ್ಕೂ ಲೇಬಲಿನ ಅಗಲವೇ ಇರಬೇಕು’ ಎಂದು 64 ಹಾಕಿದ್ದಾಳೆ. ಎಡಗಡೆಯ ಸಾಲು ಸರಿಯಾಗಿ ಕೂತಿದೆ, ನಡುವಿನದು 2.5 ಮಿ.ಮೀ. ಎಡಕ್ಕೆ, ಮೂರನೆಯದು 5 ಮಿ.ಮೀ. ಎಡಕ್ಕೆ. ಹತ್ತು ಹಾಳೆ ಹಾಳು. ತಪ್ಪು ಅವಳದಲ್ಲ, ನನ್ನ ಪದದ್ದು. ಈ ಎರಡಕ್ಕೂ ಬೇರೆ ಬೇರೆ ಪದ ಬೇಕು. ಹಾಗೆಯೇ ಆಫ್‌ಸೆಟ್‌ಗೂ ಒಂದು ಪದ ಹೇಳಿ.

ಶಿವಮೊಗ್ಗದಿಂದ, ಪ್ರೆಸ್ ನಡೆಸುವವರು

ಇಷ್ಟು ಸಣ್ಣ ಕೆಲಸಕ್ಕೆ ಆಫ್‌ಸೆಟ್ ಯಾಕಮ್ಮ? ಪ್ಲೇಟ್ ಖರ್ಚೇ ಹುಟ್ಟುವುದಿಲ್ಲ. ಸಾವಿರದ ಮೇಲೆ ಬೇಕಾದಾಗ ಬನ್ನಿ, ನೋಡೋಣ.

ತೀರ್ಥಹಳ್ಳಿಯಿಂದ

ಅವರು ಕೇಳಿದ್ದು ಮುದ್ರಣದ ಆಫ್‌ಸೆಟ್ ಅಲ್ಲ ಮಾರಾಯ್ರೆ, ಪ್ರಿಂಟರ್ ಅಕ್ಷರವನ್ನು ಪಕ್ಕಕ್ಕೆ ಬೀಳಿಸುತ್ತದಲ್ಲ, ಅದು.

‘ಅಂತರ’ದ ಬಗ್ಗೆ ನನ್ನದೊಂದು ಮಾತು. ತೋಟದಲ್ಲಿ ಅಡಿಕೆ ಸಸಿ ಒಂಬತ್ತು ಅಡಿ ಅಂತರಕ್ಕೆ ನೆಡಿ ಅಂದರೆ ಆಳುಗಳು ಬುಡದಿಂದ ಬುಡಕ್ಕೆ ಅಳೆಯುತ್ತಾರೆ. ನಡುವಿನ ಖಾಲಿ ಜಾಗ ಎಷ್ಟೆಂದು ಯಾರೂ ಕೇಳುವುದಿಲ್ಲ. ಅಂದರೆ ನಮ್ಮ ಕಡೆಯ ಕಿವಿಗೆ ಅಂತರ ಅಂದರೆ 66.5. ಖಾಲಿ ಜಾಗಕ್ಕೆ ‘ಸಂದು’ ಇದ್ದೇ ಇದೆ. ಸಂದು ಅಂದಮೇಲೆ ಅದರೊಳಗೆ ಏನೂ ಇರುವುದಿಲ್ಲ.

ಹೊಸನಗರದಿಂದ

ಪದ ಯಾವುದಾದರೂ ಇರಲಿ, ಎಡ ಅಂಚನ್ನು ಸ್ವಲ್ಪ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ. ನಾನು ಮದುವೆ ಕರೆಯೋಲೆಯ ವಿಳಾಸಗಳನ್ನು ಹಾಗೆಯೇ ಮಾಡಿದ್ದೆ.

ಶಿವಮೊಗ್ಗದಿಂದ, ಡಿಟಿಪಿ ಕೆಲಸದವನು

ಹೊಸನಗರದವರ ಉಪಾಯ ಅರ್ಧ ಸರಿ. ಇಡೀ ಹಾಳೆ ಒಂದೇ ಅಳತೆಗೆ ಪಕ್ಕಕ್ಕೆ ಹೋಗಿದ್ದರೆ ಅಂಚು ಬದಲಿಸಿದರೆ ಸಾಕು. ಇಲ್ಲಿ ತಪ್ಪು ಸಾಲಿನಿಂದ ಸಾಲಿಗೆ ಬೆಳೆದಿದೆ. ಅಂಚು 5 ಮಿ.ಮೀ. ಹೆಚ್ಚಿಸಿದರೆ ಮೂರನೆಯ ಸಾಲು ಕೂರುತ್ತದೆ, ಸರಿಯಿದ್ದ ಮೊದಲನೆಯದು ಕೆಡುತ್ತದೆ.

ಇನ್ನೊಂದು ಬಗೆಯೂ ಇದೆ. ಮೇಲಿನ ಸಾಲು ಕೆಳಕ್ಕೆ, ಕೆಳಗಿನ ಸಾಲು ಮೇಲಕ್ಕೆ, ನಡುವಿನದು ಮಾತ್ರ ಸರಿ. ಅದು ಪ್ರಿಂಟ್ ಕಿಟಕಿಯಲ್ಲಿ `Fit` ಉಳಿದುಬಿಟ್ಟದ್ದರ ಗುರುತು. ಪುಟ 97 ಪ್ರತಿಶತಕ್ಕೆ ಕುಗ್ಗಿದರೂ ಹಾಳೆಯ ತುದಿಯ ಹತ್ತಿರ 4 ಮಿ.ಮೀ. ಮೀರಿ ತಪ್ಪುತ್ತದೆ. `Actual size` ಆರಿಸಬೇಕು. ಮೊದಲು ಸಾದಾ ಹಾಳೆಯಲ್ಲಿ ಚೌಕಗಳನ್ನಷ್ಟೇ ಪ್ರಿಂಟ್ ಮಾಡಿ, ಲೇಬಲ್ ಹಾಳೆಯ ಜೊತೆ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದರೆ ಯಾವ ರೋಗ ಎಂದು ಗೊತ್ತಾಗುತ್ತದೆ.

ಇದೆಲ್ಲ ಸರಿಮಾಡಿದ ಮೇಲೂ ಉಳಿಯುವ, ಎಲ್ಲ ಲೇಬಲಿಗೂ ಒಂದೇ ಸಮನಾದ ತಪ್ಪು ಪ್ರಿಂಟರಿನದು. ನಾನು ಅದನ್ನು ಅಂಚಿನೊಳಗೆ ಸೇರಿಸುವುದಿಲ್ಲ, ಬೇರೆಯೇ ಇಡುತ್ತೇನೆ. ಪ್ರಿಂಟರ್ ಬದಲಾದರೆ ಅದೊಂದನ್ನೇ ತಿದ್ದಬಹುದು. ಪಿಡಿಎಫ್ ಮಾಡುವಾಗ ಲೇಬಲಿನ ಎಡ-ಕೆಳ ಮೂಲೆ ಹೀಗೆ:

```
mm = 72 / 25.4
x = (6.5 + c*66.5 + dx) * mm
y = (297 - 12.5 - (r+1)*34 - dy) * mm
```

`c` 0ಯಿಂದ 2ರವರೆಗೆ, `r` 0ಯಿಂದ 7ರವರೆಗೆ. 6.5 ಎಡ ಅಂಚು, 12.5 ಮೇಲಿನ ಅಂಚು. ಪಿಡಿಎಫ್‌ನಲ್ಲಿ ಅಳತೆ ಹಾಳೆಯ ಕೆಳಗಿನಿಂದ ಶುರು, ಅದಕ್ಕೇ 297ರಿಂದ ಕಳೆಯುವುದು. ಪ್ರಿಂಟರ್ 1.5 ಮಿ.ಮೀ. ಬಲಕ್ಕೆ, 2 ಮಿ.ಮೀ. ಕೆಳಕ್ಕೆ ಬೀಳಿಸಿದರೆ `dx` -1.5, `dy` -2. ಕಾಗದ ಒಂದೊಂದು ಸಲ ಒಂದೊಂದು ಕಡೆ ಜಾರಿದರೆ ಮಾತ್ರ ಇದೂ ಕೆಲಸಕ್ಕೆ ಬಾರದು. ಅದಕ್ಕೇ ಅಕ್ಷರವನ್ನು ಲೇಬಲಿನ ಅಂಚಿನಿಂದ 2-3 ಮಿ.ಮೀ. ಒಳಗಿಡುವುದು.

ಪದಕ್ಕೆ ಬಂದರೆ, ಆಫ್‌ಸೆಟ್‌ಗೆ ‘ಓಸರ’ ಆಗಬಹುದು. ಓಸರಿಸು ಅಂದರೆ ಪಕ್ಕಕ್ಕೆ ಸರಿ, ಹಳೆಯ ಪದವೇ.

ತೀರ್ಥಹಳ್ಳಿಯಿಂದ

ಸಂಘದ ಹೆಂಗಸರ ಮುಂದೆ ಓಸರ ಅಂದು ನೋಡಿ, ಒಸರುವುದು ಅಂದುಕೊಂಡು ಬಾಟಲಿ ಒರೆಸುತ್ತಾರೆ! ‘ಜರುಗು’ ಸಾಕು.

ಶಿವಮೊಗ್ಗದಿಂದ, ಡಿಟಿಪಿ ಕೆಲಸದವನು

ಸಭೆಯೂ ಜರುಗುತ್ತದೆ ಸಾರ್.

ಸಾಗರದಿಂದ

ಸೂಚನೆ ತಿದ್ದಿದೆ. 2.5ಕ್ಕೆ ‘ಸಂದು’. 66.5ಕ್ಕೆ ತೋಟದ ಮಾತನ್ನೇ ಹಿಡಿದು ‘ಲೇಬಲಿನಿಂದ ಲೇಬಲಿಗೆ, ಎಡ ಅಂಚಿನಿಂದ ಎಡ ಅಂಚಿಗೆ’ ಎಂದು ಬರೆದೆ; ಉದ್ದವಾಯಿತು, ಆದರೆ ಹುಡುಗಿ ಸ್ಕೇಲ್ ಹಿಡಿದು ತಾನೇ ಅಳೆದು 66.5 ಅಂದಳು. ‘ಅಂತರ’ ಎಲ್ಲೂ ಬಳಸಿಲ್ಲ. ಆಫ್‌ಸೆಟ್ ಜಾಗದಲ್ಲಿ ಸದ್ಯ ‘ಪ್ರಿಂಟರ್ ಎಷ್ಟು ಸರಿದಿದೆ’ ಎಂದಿದೆ. ಒಂದೇ ಪದ ಯಾರಿಗಾದರೂ ಹೊಳೆದರೆ ತಿಳಿಸಿ.