ಪೇಮೆಂಟ್ ರನ್ ಗುರುವಾರ, ಡಿಸ್ಕೌಂಟ್ ಶನಿವಾರ: ನಡುವೆ ಹಣ ಎಲ್ಲಿ ಜಾರುತ್ತಿದೆ?

ಪ್ರಶ್ನೆ (ಪೇಮೆಂಟ್ ಡೆಸ್ಕ್‌ನಿಂದ): ನಮ್ಮಲ್ಲಿ ಎಸ್‌ಎಪಿ ಇದೆ. ಪ್ರತಿ ಗುರುವಾರ ಅದರ ಪೇಮೆಂಟ್ ಪ್ರೋಗ್ರಾಂ F110 ಓಡಿಸುತ್ತೇವೆ. ಹೆಚ್ಚಿನ ವೆಂಡರ್‌ಗಳ ಷರತ್ತು ಒಂದೇ: 10 ದಿನದೊಳಗೆ ಕೊಟ್ಟರೆ 2% ಡಿಸ್ಕೌಂಟ್, ಇಲ್ಲದಿದ್ದರೆ 30 ದಿನ. ಅರ್ಧಕ್ಕರ್ಧ ಡಿಸ್ಕೌಂಟ್ ಕೈತಪ್ಪುತ್ತಿದೆ. ಹಾಗಂತ ಹಣ ಉಳಿಯುತ್ತಿದೆಯಾ ಅಂದ್ರೆ ಅದೂ ಇಲ್ಲ, ತಿಂಗಳ ಕೊನೆಗೆ ಬ್ಯಾಂಕ್ ಖಾಲಿ. ಕಳೆದ ವಾರವಂತೂ 3 ಲಕ್ಷ ಅಡ್ವಾನ್ಸ್ ಪಡೆದಿದ್ದ ವೆಂಡರ್‌ಗೆ 10 ಲಕ್ಷದ ಬಿಲ್ ಪೂರ್ತಿ ಹೋಗಿಬಿಟ್ಟಿತು. ಎಲ್ಲಿಂದ ಸರಿ ಮಾಡಲಿ?

ಲೆಕ್ಕಪತ್ರ ವಿಭಾಗದ ಒಬ್ಬರು: ಡಿಸ್ಕೌಂಟ್ ಹೋಗಲಿ ಬಿಡಿ. ನಾವು ಬ್ಯಾಂಕ್ ಓವರ್‌ಡ್ರಾಫ್ಟ್, ಅಂದರೆ ಓಡಿಗೆ ವರ್ಷಕ್ಕೆ 12% ಬಡ್ಡಿ ಕಟ್ಟುತ್ತೇವೆ. 2% ಸಲುವಾಗಿ 12%ನ ಹಣ ಯಾಕೆ ತೆಗೆಯಬೇಕು? 30ನೇ ದಿನಕ್ಕೇ ಕೊಡಿ, ಹಣ ಕೈಯಲ್ಲಿರುತ್ತೆ.

ಟ್ರೆಷರಿಯವರು: ಸರ್, ಆ ಎರಡು ಸಂಖ್ಯೆಗಳನ್ನು ಹಾಗೆ ಪಕ್ಕಪಕ್ಕ ಇಡೋಕಾಗಲ್ಲ. 12% ಇಡೀ ವರ್ಷಕ್ಕೆ. 2% ಬರೀ 20 ದಿನಕ್ಕೆ. 10 ಲಕ್ಷದ ಬಿಲ್ ತಗೊಳ್ಳಿ. 10ನೇ ದಿನ ಕೊಟ್ಟರೆ 9,80,000 ಸಾಕು. ಆ ಹಣವನ್ನು ಇನ್ನೂ 20 ದಿನ ಇಟ್ಟುಕೊಳ್ಳೋದಕ್ಕೆ ನೀವು 20,000 ತೆರುತ್ತಿದ್ದೀರಿ. ವರ್ಷದ ಲೆಕ್ಕಕ್ಕೆ ತಂದರೆ ಅದು ಸುಮಾರು 37% ಆಗುತ್ತೆ. ಅದೇ 9,80,000 ಅನ್ನು ಓಡಿಯಿಂದ 20 ದಿನಕ್ಕೆ ತೆಗೆದರೆ ಬಡ್ಡಿ ಸುಮಾರು 6,400. ಅಂದರೆ ಸಾಲ ಮಾಡಿ ಕೊಟ್ಟರೂ 13,600 ಉಳಿಯುತ್ತೆ.

ಆದರೆ ನಿಮ್ಮ ಮಾತು ಪೂರ್ತಿ ತಪ್ಪೂ ಅಲ್ಲ. 10 ದಿನಕ್ಕೆ 1%, ಇಲ್ಲದಿದ್ದರೆ 45 ದಿನ ಅನ್ನೋ ವೆಂಡರ್ ಇದ್ದರೆ, ಲೆಕ್ಕ 35 ದಿನಕ್ಕೆ ಹರಡುತ್ತೆ. ವರ್ಷಕ್ಕೆ ಹತ್ತೂವರೆ ಪರ್ಸೆಂಟ್ ಅಷ್ಟೇ. ನಿಮ್ಮ ಓಡಿ 12% ಇದ್ದರೆ ಅಲ್ಲಿ ಕಾಯೋದೇ ಸರಿ. ಓಡಿ ಮಿತಿ ಮುಟ್ಟಿದ್ದರಂತೂ ಈ ಲೆಕ್ಕಕ್ಕೆ ಅರ್ಥವೇ ಇಲ್ಲ. ಸಂಬಳದ ದಿನ ಹಣ ಇಲ್ಲದಿದ್ದರೆ 37% ಉಳಿಸಿ ಏನು ಮಾಡೋದು?

ಎಸ್‌ಎಪಿ ಕನ್ಸಲ್ಟೆಂಟ್: ಮೇಡಂ, ಮೊದಲು ಒಂದು ವಿಷಯ ಹೇಳಿ. F110ನ Parameter ಟ್ಯಾಬ್‌ನಲ್ಲಿ `Next p/date` ಅಂತ ಒಂದು ಜಾಗ ಇದೆ. ನಿಮ್ಮವರು ಅಲ್ಲಿ ಯಾವ ತಾರೀಖು ಹಾಕುತ್ತಾರೆ?

ಪೇಮೆಂಟ್ ಡೆಸ್ಕ್: ಸಾಮಾನ್ಯವಾಗಿ ಮರುದಿನದ್ದು. ಮೊದಲು ಇದ್ದವರು ಹಾಗೇ ಹೇಳಿಕೊಟ್ಟು ಹೋಗಿದ್ದರು. ತಿಂಗಳ ಕೊನೆಯ ರನ್‌ನಲ್ಲಿ ಮಾತ್ರ ಮುಂದಿನ ತಿಂಗಳ ಕೊನೆ ತಾರೀಖು ಹಾಕುತ್ತೇವೆ, ಯಾವ ಬಿಲ್ಲೂ ಬಿಟ್ಟುಹೋಗದಿರಲಿ ಅಂತ.

ಎಸ್‌ಎಪಿ ಕನ್ಸಲ್ಟೆಂಟ್: ನಿಮ್ಮ ಮೊದಲ ಎರಡು ತೊಂದರೆಗೆ ಕಾರಣ ಇದೇ. ಆ ಜಾಗವನ್ನು ಸುಮ್ನೆ ತುಂಬಿಸುವ ಹಾಗಿಲ್ಲ. ಪ್ರೋಗ್ರಾಂ ಪ್ರತಿ ಬಿಲ್ಲಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೆ: "ಇದನ್ನು ಮುಂದಿನ ರನ್‌ಗೆ ಬಿಟ್ಟರೆ ಡಿಸ್ಕೌಂಟ್ ಹೋಗುತ್ತಾ, ಅಥವಾ ಗಡುವು ಮೀರುತ್ತಾ?" ಮುಂದಿನ ರನ್ ಯಾವತ್ತು ಅನ್ನೋದು ಅದಕ್ಕೆ ಗೊತ್ತಾಗೋದು ನೀವು ಹಾಕಿದ ಆ ತಾರೀಖಿನಿಂದ ಮಾತ್ರ.

ಬಿಲ್ಲಿನ ತಾರೀಖು 5, ಬುಧವಾರ ಅಂತ ಇಟ್ಟುಕೊಳ್ಳಿ. ಡಿಸ್ಕೌಂಟ್ 15ರ ಶನಿವಾರಕ್ಕೆ ಮುಗಿಯುತ್ತೆ. 13ರ ಗುರುವಾರ ನೀವು ರನ್ ಮಾಡುತ್ತೀರಿ, `Next p/date` 14 ಅಂತ ಹಾಕುತ್ತೀರಿ. ಪ್ರೋಗ್ರಾಂ ನೋಡುತ್ತೆ: ನಾಳೆ ಮತ್ತೆ ರನ್ ಇದೆ, ಡಿಸ್ಕೌಂಟ್ 15ರವರೆಗೆ ಇದೆ, ಅವಸರ ಇಲ್ಲ. ಬಿಲ್ಲನ್ನು ಬಿಟ್ಟುಬಿಡುತ್ತೆ. ನಿಮ್ಮ ನಿಜವಾದ ಮುಂದಿನ ರನ್ 20ಕ್ಕೆ. ಅಷ್ಟರಲ್ಲಿ 20,000 ಹೋಗಿರುತ್ತೆ. ಡಿಸ್ಕೌಂಟ್ ಹೋದ ಮೇಲೆ ಆ ಬಿಲ್ಲಿಗೆ 30ನೇ ದಿನದ ಗಡುವು ಒಂದೇ ಉಳಿಯೋದು, ಆದ್ದರಿಂದ 20ರಂದೂ ಅದು ಬರಲ್ಲ. 13ರಂದು ಅಲ್ಲಿ 20 ಅಂತ ಹಾಕಿದ್ದರೆ ಬಿಲ್ ಅವತ್ತೇ 9,80,000ಕ್ಕೆ ಹೋಗುತ್ತಿತ್ತು.

ತಿಂಗಳ ಕೊನೆಯಲ್ಲಿ ಆಗೋದು ಇದರ ತದ್ವಿರುದ್ಧ. ನೀವು ಒಂದು ತಿಂಗಳ ಮುಂದಿನ ತಾರೀಖು ಹಾಕಿದಾಗ, ಇನ್ನು ತಿಂಗಳಿಡೀ ರನ್ ಇಲ್ಲ ಅಂತ ಪ್ರೋಗ್ರಾಂ ತಿಳಿಯುತ್ತೆ. ಮೂರು ವಾರದ ನಂತರ ಕೊಟ್ಟರೆ ಸಾಕಿದ್ದ ಬಿಲ್‌ಗಳನ್ನೂ ಅವತ್ತೇ ಎಳೆದುಕೊಳ್ಳುತ್ತೆ. ಡಿಸ್ಕೌಂಟ್ ಅವಧಿ ಮುಗಿದ ಬಿಲ್‌ಗಳನ್ನು ಬೇಗ ಕೊಟ್ಟು ನಿಮಗೆ ಬಂದಿದ್ದು ಏನೂ ಇಲ್ಲ. ಬ್ಯಾಂಕ್ ಖಾಲಿ ಆಗೋದು ಹಾಗೆ.

ಒಂದು ಬಿಲ್ ಯಾಕೆ ಬರಲಿಲ್ಲ ಅನ್ನೋದನ್ನು ಕಣ್ಣಾರೆ ನೋಡಬೇಕು ಅಂದ್ರೆ, Additional Log ಟ್ಯಾಬ್‌ನಲ್ಲಿ `Due date check` ಟಿಕ್ ಮಾಡಿ, ಆ ವೆಂಡರ್ ನಂಬರ್ ಕೊಟ್ಟು ಪ್ರಪೋಸಲ್, ಅಂದರೆ ಹಣ ಹೋಗೋಕೆ ಮುಂಚಿನ ಕರಡು ಪಟ್ಟಿ, ಓಡಿಸಿ. ಲಾಗ್‌ನಲ್ಲಿ ಪ್ರತಿ ಬಿಲ್ಲಿನ ತಾರೀಖಿನ ಲೆಕ್ಕ ಬರುತ್ತೆ. ಇನ್ನೂ ಗಡುವು ಬಾರದ ಬಿಲ್‌ಗಳನ್ನು ಜನ ಎಕ್ಸೆಪ್ಷನ್ ಲಿಸ್ಟ್‌ನಲ್ಲಿ ಹುಡುಕುತ್ತಾ ಕೂರುತ್ತಾರೆ, ಅಲ್ಲಿ ಸಿಗಲ್ಲ.

ಲೆಕ್ಕಪತ್ರ ವಿಭಾಗದವರು: ಸರಿ, 37% ಲೆಕ್ಕ ಒಪ್ಪಿದೆ. ಹಾಗಿದ್ದರೆ ಪೇಮೆಂಟ್ ಸೆಟ್ಟಿಂಗ್ ಇರೋ FBZPಯಲ್ಲಿ ಬ್ಯಾಂಕಿಗೆ ಲಭ್ಯ ಮೊತ್ತ ಅಂತ ಹಾಕೋ ಜಾಗ ಇದೆ ಅಲ್ವಾ? ಅಲ್ಲಿ ಈ ವಾರದ ಹಣ ಹಾಕಿಬಿಟ್ಟರೆ, ಅದರೊಳಗೆ ಯಾವ ಡಿಸ್ಕೌಂಟ್ ಜಾಸ್ತಿ ಲಾಭವೋ ಅದನ್ನು ಸಿಸ್ಟಮ್ಮೇ ಆರಿಸುತ್ತೆ.

ಎಸ್‌ಎಪಿ ಕನ್ಸಲ್ಟೆಂಟ್: ಮೊತ್ತ ಹಾಕಬಹುದು, ಅದನ್ನು ಮೀರದ ಹಾಗೆ ಅದು ನೋಡಿಕೊಳ್ಳುತ್ತೆ. ಲಾಭ ನೋಡಿ ಆರಿಸೋದು ಮಾತ್ರ ಅದರ ಕೆಲಸ ಅಲ್ಲ. ಅದೇ FBZPಯಲ್ಲಿ ಇಷ್ಟು ಪರ್ಸೆಂಟ್‌ಗಿಂತ ಕಡಿಮೆ ಡಿಸ್ಕೌಂಟ್ ಬೇಡ ಅಂತಲೂ ಹೇಳಬಹುದು. ಅದು ದಿನ ಎಣಿಸಲ್ಲ, ಬರೀ ಪರ್ಸೆಂಟ್ ನೋಡುತ್ತೆ. 10 ದಿನಕ್ಕೆ 1%, ಇಲ್ಲದಿದ್ದರೆ 15 ದಿನ ಅನ್ನೋ ಷರತ್ತು ಇದ್ದರೆ ಅದು 5 ದಿನಕ್ಕೆ 1%, ತುಂಬಾ ಒಳ್ಳೆಯದು. ನೀವು ಅಲ್ಲಿ 1.5 ಹಾಕಿದ್ದರೆ ಅದೂ ಕೈಬಿಟ್ಟುಹೋಗುತ್ತೆ.

ಟ್ರೆಷರಿಯವರು: ನಾವು ಅದಕ್ಕೇ ಪ್ರಪೋಸಲ್ ಅನ್ನು ಗುರುವಾರ ಅಲ್ಲ, ಬುಧವಾರ ಬೆಳಿಗ್ಗೆಯೇ ತೆಗೆಯುತ್ತೇವೆ. ಒಟ್ಟು ಮೊತ್ತ ನನ್ನ ಬಳಿ ಇರೋ ಹಣಕ್ಕಿಂತ ಜಾಸ್ತಿ ಇದ್ದರೆ, ಪ್ರಪೋಸಲ್‌ನಲ್ಲೇ ಕಡಿಮೆ ಲಾಭದ ಬಿಲ್‌ಗಳಿಗೆ ಬ್ಲಾಕ್ ಹಾಕುತ್ತೇನೆ. ಒಂದು ದಿನ ಕೈಯಲ್ಲಿದ್ದರೆ ಯೋಚಿಸೋಕೆ ಜಾಗ ಸಿಗುತ್ತೆ. ಗುರುವಾರ ಸಂಜೆ ನಾಲ್ಕಕ್ಕೆ ಲಿಸ್ಟ್ ಬಂದರೆ ಯಾರೂ ಯೋಚಿಸಲ್ಲ, ಸಹಿ ಹಾಕುತ್ತಾರೆ ಅಷ್ಟೇ.

ಪೇಮೆಂಟ್ ಡೆಸ್ಕ್: ಅಡ್ವಾನ್ಸ್ ವಿಷಯ? ವೆಂಡರ್ ಖಾತೆ ತೋರಿಸೋ FBL1Nನಲ್ಲಿ ನೋಡಿದರೆ ಆ 3 ಲಕ್ಷ ಕಾಣಲೇ ಇಲ್ಲ.

ಎಸ್‌ಎಪಿ ಕನ್ಸಲ್ಟೆಂಟ್: `Special G/L transactions` ಟಿಕ್ ಮಾಡಿ ಮತ್ತೆ ನೋಡಿ, ಕಾಣುತ್ತೆ. ಅಡ್ವಾನ್ಸ್ ಬೇರೆ ಖಾತೆಯಲ್ಲಿ ಕೂತಿರುತ್ತೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ F110 ಅದನ್ನು ಬಿಲ್ಲಿನಿಂದ ಕಳೆಯಲ್ಲ. ಬಿಲ್ ಬಂದ ಮೇಲೆ ಯಾರಾದರೂ ಅಡ್ವಾನ್ಸ್ ಹೊಂದಿಸೋ F-54 ಮಾಡಬೇಕು. ಆಗ 3 ಲಕ್ಷ ವೆಂಡರ್‌ನ ಮಾಮೂಲು ಖಾತೆಗೆ ಬರುತ್ತೆ, ಮುಂದಿನ ರನ್‌ನಲ್ಲಿ 10ರಿಂದ 3 ಕಳೆದು ಉಳಿದಿದ್ದು ಹೋಗುತ್ತೆ. ಬಿಲ್ ಹಾಕುವಾಗ ಅಡ್ವಾನ್ಸ್ ಇದೆ ಅಂತ ಸಿಸ್ಟಮ್ ಒಂದು ಮೆಸೇಜ್ ತೋರಿಸುತ್ತೆ. ಬಿಲ್ ಹಾಕುವವರು ಎಂಟರ್ ಒತ್ತಿ ಮುಂದೆ ಹೋಗುತ್ತಾರೆ, ಪೇಮೆಂಟ್ ಮಾಡುವವರಿಗೆ ಆ ಮೆಸೇಜ್ ಬರೋದೇ ಇಲ್ಲ. ನಾನು ಒಂದು ಕಡೆ ಮಾಡಿಸಿದ್ದು ಹೀಗೆ: ಬುಧವಾರದ ಪ್ರಪೋಸಲ್‌ಗೆ ಮುಂಚೆ ಅಡ್ವಾನ್ಸ್ ಬಾಕಿ ಇರೋ ವೆಂಡರ್‌ಗಳ ಲಿಸ್ಟ್ ತೆಗೆಯೋದು, ಅವರ ಹೊಸ ಬಿಲ್ ಇದ್ದರೆ F-54 ಆಗೋವರೆಗೆ ಆ ಬಿಲ್ಲಿಗೆ ಬ್ಲಾಕ್.

ಈಗ ಹೋಗಿರೋ ಹಣಕ್ಕೆ, ಅದೇ ವೆಂಡರ್‌ನಿಂದ ಇನ್ನೂ ಬಿಲ್ ಬರೋದಿದ್ದರೆ ಈಗಲೇ F-54 ಮಾಡಿ ಇಡಿ, ಮುಂದಿನ ಬಿಲ್ಲಿನಲ್ಲಿ ತಾನಾಗಿ ಕಳೆಯುತ್ತೆ. ಬಿಲ್ ಬರೋದಿಲ್ಲ ಅಂದರೆ ವಾಪಸ್ ಕೇಳಲೇಬೇಕು.

ಖರೀದಿ ವಿಭಾಗದವರು: ಇಲ್ಲಿ ನನ್ನದೂ ಒಂದು ಇದೆ. ಒಬ್ಬ ವೆಂಡರ್ 10 ಲಕ್ಷದ ಆರ್ಡರ್‌ಗೆ 3 ಲಕ್ಷ ಅಡ್ವಾನ್ಸ್ ಕೊಟ್ಟರೆ ಬೆಲೆಯಲ್ಲೇ 10,000 ಇಳಿಸುತ್ತೇನೆ ಅಂತಾರೆ. ಮಾಲು 60 ದಿನಕ್ಕೆ. ಇದೂ ಡಿಸ್ಕೌಂಟೇ ಅಲ್ವಾ? ಪೇಮೆಂಟ್ ಟರ್ಮ್‌ನಲ್ಲಿ ಹಾಕಿಸಲಾ?

ಟ್ರೆಷರಿಯವರು: ಅಲ್ಲಣ್ಣ, ಅದು ಬೆಲೆ. ಪರ್ಚೇಸ್ ಆರ್ಡರ್‌ನ ದರದಲ್ಲೇ ಇಳಿಸಿಸಿ. 3 ಲಕ್ಷಕ್ಕೆ 60 ದಿನದ ಬಡ್ಡಿ 12%ನಲ್ಲಿ ಸುಮಾರು 5,900, ಲೆಕ್ಕಕ್ಕೆ ಲಾಭ ಕಾಣುತ್ತೆ. ಆದರೆ ಡಿಸ್ಕೌಂಟ್‌ಗಾಗಿ ಕೊಡೋದು ಮಾಲು ಬಂದ ಮೇಲೆ, ಅಡ್ವಾನ್ಸ್ ಕೊಡೋದು ಬರೋಕೆ ಮುಂಚೆ. ಮಾಲು ಬರದಿದ್ದರೆ 4,100 ಉಳಿಸೋಕೆ ಹೋಗಿ 3 ಲಕ್ಷ ಕಳೆದ ಹಾಗೆ. ಬ್ಯಾಂಕ್ ಗ್ಯಾರಂಟಿ ಕೇಳಿ.

ಇನ್ನೊಂದು ಕೋರಿಕೆ. ಅಡ್ವಾನ್ಸ್ ಬೇಕು ಅಂತ ಗೊತ್ತಾದ ದಿನವೇ F-47ನಲ್ಲಿ ರಿಕ್ವೆಸ್ಟ್ ಹಾಕಿಸಿ, ಕೊಡಬೇಕಾದ ತಾರೀಖಿನ ಜೊತೆ. ಆಗ ನನ್ನ ಹಣದ ಮುನ್ನೋಟದಲ್ಲಿ ಅದು ಕಾಣುತ್ತೆ, F110 ಮೂಲಕವೇ ಹೋಗುವ ಹಾಗೂ ಮಾಡಬಹುದು. ಬೆಳಿಗ್ಗೆ ಬಂದು "ಇವತ್ತೇ ಬೇಕು" ಅಂತ F-48ನಲ್ಲಿ ನೇರ ಕೊಡಿಸಿದರೆ, ಅವತ್ತಿನ ರನ್‌ನಿಂದ ಯಾವುದಾದರೂ 2%ನ ಬಿಲ್ ಕೆಳಗಿಳಿಸಬೇಕಾಗುತ್ತೆ. ನೀವು ಉಳಿಸಿದ 10,000 ಅಲ್ಲೇ ಹೋಗುತ್ತೆ.

ಪೇಮೆಂಟ್ ಡೆಸ್ಕ್: ಈ ಗುರುವಾರದ್ದಕ್ಕೆ `Next p/date` ಸರಿ ಮಾಡಿ ಪ್ರಪೋಸಲ್ ತೆಗೆದೆ. ಹೋದ ವಾರಕ್ಕಿಂತ ಡಿಸ್ಕೌಂಟ್ ಸಿಗೋ ಬಿಲ್ ಜಾಸ್ತಿ ಬಂದಿವೆ. ಆದರೂ ಕೆಲವು ಬಿಲ್‌ಗಳಲ್ಲಿ ಡಿಸ್ಕೌಂಟ್ ಮೊದಲೇ ಮುಗಿದಿದೆ.

ಎಸ್‌ಎಪಿ ಕನ್ಸಲ್ಟೆಂಟ್: ಅವು ತಡವಾಗಿ ಸಿಸ್ಟಮ್‌ಗೆ ಬಂದಿರುತ್ತವೆ, ಅಥವಾ ದರದ ವ್ಯತ್ಯಾಸಕ್ಕೆ R ಬ್ಲಾಕ್‌ನಲ್ಲಿ ಕೂತಿರುತ್ತವೆ. ಬಿಲ್ಲಿನ ತಾರೀಖು, ಎಂಟ್ರಿ ಆದ ತಾರೀಖು ಎರಡನ್ನೂ FBL1Nನಲ್ಲಿ ಪಕ್ಕಪಕ್ಕ ತಂದು ನೋಡಿ. ಒಂದು ಎಚ್ಚರ: ದಿನ ಉಳಿಸೋಕೆ ಅಂತ ಎಣಿಕೆಯನ್ನು ಎಂಟ್ರಿ ದಿನದಿಂದ ಶುರು ಮಾಡಿಸಬೇಡಿ, ವೆಂಡರ್ ಒಪ್ಪದೆ. ಸಿಸ್ಟಮ್ 2% ಕಳೆದು ಕೊಡುತ್ತೆ, ವೆಂಡರ್‌ನ ಪುಸ್ತಕದಲ್ಲಿ ಆ 20,000 ಬಾಕಿಯಾಗೇ ನಿಲ್ಲುತ್ತೆ. ಅವರ ಸ್ಟೇಟ್‌ಮೆಂಟ್‌ನಲ್ಲಿ ಸರಿಯಾಗಿ 2%ನ ಚೂರುಗಳು ಕಂಡರೆ ಇದೇ ಆಗಿದೆ ಅಂತ ತಿಳಿಯಿರಿ.

ಖರೀದಿ ವಿಭಾಗದವರು: ಅಡ್ವಾನ್ಸ್ ಕೊಟ್ಟ ಬಿಲ್ಲಿಗೆ 2% ಯಾವುದರ ಮೇಲೆ? 10 ಲಕ್ಷದ ಮೇಲಾ, ಉಳಿದ 7ರ ಮೇಲಾ? ನಮ್ಮ ವೆಂಡರ್ 7ರ ಮೇಲೆ ಅಂತಾರೆ.

ಎಸ್‌ಎಪಿ ಕನ್ಸಲ್ಟೆಂಟ್: ನನ್ನ ಪ್ರಕಾರ 10ರ ಮೇಲೆ. ಮೊದಲೇ ಕೊಟ್ಟ ಹಣಕ್ಕೆ ಡಿಸ್ಕೌಂಟ್ ಇಲ್ಲ ಅನ್ನೋದು ನ್ಯಾಯ ಅಲ್ಲ.

ಟ್ರೆಷರಿಯವರು: ನಾನು ಒಪ್ಪಲ್ಲ. ಅಡ್ವಾನ್ಸ್‌ಗೆ ಪ್ರತಿಯಾಗಿ ಬೆಲೆ ಆಗಲೇ ಇಳಿಸಿದ್ದರೆ ಎರಡು ಸಲ ಕೇಳಿದ ಹಾಗಾಗುತ್ತೆ. ಒಪ್ಪಂದದಲ್ಲಿ ಏನಿದೆ ಅನ್ನೋದೇ ಮುಖ್ಯ.

ಪೇಮೆಂಟ್ ಡೆಸ್ಕ್: ನಮ್ಮ ಒಪ್ಪಂದದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. F-54 ಆದ ಮೇಲೆ ಪ್ರಪೋಸಲ್‌ನಲ್ಲಿ 20,000 ಬರುತ್ತಾ 14,000 ಬರುತ್ತಾ ನೋಡಿ, ವೆಂಡರ್‌ಗೆ ಬರೆದು ಕೇಳುತ್ತೇನೆ. ಅಲ್ಲಿವರೆಗೆ ಆ ಬಿಲ್ ಬ್ಲಾಕ್‌ನಲ್ಲೇ ಇರಲಿ, ಡಿಸ್ಕೌಂಟ್‌ಗೆ ಇನ್ನೂ 6 ದಿನ ಇದೆ.