ಮರಾಠಿ ನಿಬಂಧದಾಗ ಎಲ್ಲಿ ದೀರ್ಘ, ಎಲ್ಲಿ ಸೊನ್ನೆ: ಪುಣೆಯ ಒಬ್ಬ ತಾಯಿಯ ಪ್ರಶ್ನೆ

ಪ್ರಶ್ನೆ (ಪುಣೆಯಿಂದ, ಎಂಟನೇ ಕ್ಲಾಸ್ ಹುಡುಗಿಯ ಅಮ್ಮ):

ಮೇಡಂ, ನಾವು ದಾವಣಗೆರೆ ಕಡೆಯವರು, ಪುಣೆಗೆ ಬಂದು ನಾಲ್ಕು ವರ್ಷ ಆಯ್ತು. ಮಗಳು ಮರಾಠಿ ಚೆನ್ನಾಗೇ ಮಾತಾಡ್ತಾಳೆ, ಆದ್ರೆ ನಿಬಂಧ ಬರೆದ್ರೆ ಪೂರ್ತಿ ಕೆಂಪು. ಪಂಢರಪುರದ ಟ್ರಿಪ್ ಬಗ್ಗೆ ಬರೆದಿದ್ದರಲ್ಲಿ ಈ ಮೂರು ಸಾಲಿಗೇ ಏಳು ಗೆರೆ ಎಳೆದಿದ್ದಾರೆ: "ಪಂಢರಪೂರಾತ ಖುಪ ಗರ್ದಿ ಹೋತೀ. ಬಾಬಾನೀ ಫೂಲಾಂಚಾ ಹಾರ ಘೇತಲಾ. ಲಹಾನ ಮುಲಾನಾ ಭುಕ ಲಾಗಲೀ ಹೋತೀ." ಅವಳು ಹೇಳೋದು, ಅಮ್ಮ ನಾನು ಹೇಗೆ ಕೇಳ್ಸುತ್ತೋ ಹಾಗೇ ಬರೆದಿದ್ದೀನಿ ಅಂತ. ಎಲ್ಲಿ ದೀರ್ಘ ಎಲ್ಲಿ ಹ್ರಸ್ವ, ಸೊನ್ನೆ ಯಾವಾಗ, ಇದಕ್ಕೆ ಏನಾದ್ರೂ ಲೆಕ್ಕ ಇದ್ಯಾ?

ಉತ್ತರ (ಸೋಲಾಪುರದ ಮರಾಠಿ ಟೀಚರ್, ಮನಿಮಾತು ಕನ್ನಡ):

ಅಕ್ಕಾರ, ನಿಮ್ಮ ಹುಡುಗಿ ಕಿವಿ ನಂಬಿ ಬರದಾಳ, ಅಲ್ಲೇ ತಪ್ಪ್ಯಾಳ ನೋಡ್ರಿ. ನಮ್ಮ ಕನ್ನಡದಾಗ ಕೇಳಿದ್ದನ್ನ ಬರದ್ರ ಸಾಕು, ಬಿಡು ಬ್ಯಾರೆ ಬೀಡು ಬ್ಯಾರೆ, ಕಿವಿಗೇ ಗೊತ್ತಾಗ್ತದ. ಮರಾಠಿಯೊಳಗ ಇ ಮತ್ತ ಉ ಉದ್ದಾನೋ ಗಿಡ್ಡಾನೋ ಅನ್ನೋದು ಬಹುತೇಕ ಅದು ಶಬ್ದದಾಗ ಯಾವ ಜಾಗದಾಗ ಕೂತದ ಅನ್ನೋದರ ಮ್ಯಾಲೆ ನಿಂತದ. ಇಲ್ಲಿ ಸಾಲಿಯೊಳಗ ಹ್ರಸ್ವಕ್ಕ ಪಹಿಲೀ ವೇಲಾಂಟೀ, ಪಹಿಲಾ ಉಕಾರ ಅಂತಾರ, ದೀರ್ಘಕ್ಕ ದುಸರೀ ವೇಲಾಂಟೀ, ದುಸರಾ ಉಕಾರ, ಮಗಳ ಬಾಯಾಗ ನೀವು ಇದನ್ನೇ ಕೇಳಿರ್ತೀರಿ. (ಮರಾಠಿ ಶಬ್ದ ಅವರ ಅಕ್ಷರ ಇದ್ದಂಗೇ ಕನ್ನಡದಾಗ ಬರದೀನಿ, ಖೂಪ ಅಂತ ಬರದ್ರೂ ಅವರು ಓದೋದು ಖೂಪ್ ಅಂತ.)

ಮೊದಲ ಗರ್ದಿ ತಗೋರಿ. ನಾವೂ ಗರ್ದಿ ಅಂತೀವಿ, ಹಂಗಾಗಿ ಹುಡುಗಿ ಗಿಡ್ಡ ಬರದಾಳ. ಮರಾಠಿಯೊಳಗ ಶಬ್ದದ ಕಟ್ಟಕಡೀಗೆ ಇ ಅಥವಾ ಉ ಬಂದ್ರ ಅದು ಉದ್ದ, ಗರ್ದೀ. ಸಂಸ್ಕೃತದಿಂದ ಬಂದಿದ್ದಕ್ಕೂ ಇದೇ, ನಾವು ಕವಿ, ಗುರು, ಬುದ್ಧಿ, ಶಕ್ತಿ ಅಂತ ಬರದ್ರ ಅವರು ಕವೀ, ಗುರೂ, ಬುದ್ಧೀ, ಶಕ್ತೀ. ಕನ್ನಡ ಮನಿ ಮಕ್ಕಳು ಎಲ್ಲಾಕಿಂತ ಜಾಸ್ತಿ ಜಾರೋದು ಇಲ್ಲೇ, ಯಾಕಂದ್ರ ಶಬ್ದ ಗುರ್ತಿಂದು, ಅನುಮಾನಾನೇ ಬರಂಗಿಲ್ಲ. ಆದ್ರ ಅದೇ ಶಬ್ದ ಸಮಾಸದಾಗ ಮೊದಲ ಬಂದ್ರ ಮತ್ತ ಗಿಡ್ಡ ಆಗ್ತದ: ಶಕ್ತಿಶಾಲೀ, ಗುರುದಕ್ಷಿಣಾ. ಇನ್ನೊಂದು ಹೇಳಿಬಿಡ್ತೀನಿ, ಈ ರೂಲ್ ಕಲಿತ ಮರುದಿನಾನೇ ಮಕ್ಕಳು "ಆಣೀ" ಅಂತ ಬರ್ಕೊಂಡು ಬರ್ತಾರ. ಆಣಿ ಗಿಡ್ಡಾನೇ, ಪರಂತು ಮತ್ತ ತಥಾಪಿ ಸೈತ ಗಿಡ್ಡ. ನಿಬಂಧದಾಗ ಆಣಿ ಹತ್ತು ಸರ್ತಿ ಬರ್ತದ, ಅದೊಂದು ಬಾಯಿಪಾಠ ಮಾಡಿಸ್ರಿ.

ಈಗ ಖುಪ, ಭುಕ. ಕಡೀ ಅಕ್ಷರಕ್ಕ ಯಾವ ಕೊಂಬೂ ಗುಡಿಸೂ ಇಲ್ಲ, ಬರೇ ಪ, ಬರೇ ಕ. ಹಂಗಿದ್ದಾಗ ಅದರ ಹಿಂದಿನ ಇ, ಉ ಉದ್ದ ಆಗ್ತದ: ಖೂಪ, ಭೂಕ, ಫೂಲ, ದೂಧ, ಗರೀಬ, ವಕೀಲ, ವಿಹೀರ. ಕಡೀ ಅಕ್ಷರನೇ ದೀರ್ಘ ಇದ್ರ ಹಿಂದಿಂದು ಗಿಡ್ಡ: ಕಿಡಾ, ಮಹಿನಾ, ಮಾಹಿತೀ, ಗರಿಬೀ. ಗರೀಬ ಮತ್ತ ಗರಿಬೀ ಎರಡನ್ನೂ ಒಂದರ ಕೆಳಗೊಂದು ಬರೆಸ್ರಿ, ತಕ್ಕಡಿ ಹಂಗ ಕಾಣ್ತದ, ಆ ಕಡೆ ಭಾರ ಬಿದ್ರ ಈ ಕಡೆ ಹಗುರ.

ಅದೇ ಭಾರ ಪ್ರತ್ಯಯ ಹತ್ತಿದಾಗಲೂ ಸರೀತದ. ಫೂಲ ಒಂದೇ ಇದ್ದಾಗ ಉದ್ದ, ಅದಕ್ಕ ಆ ಸೇರಿ ಫುಲಾಲಾ, ಫುಲಾಂಚಾ ಆದಕೂಡಲೇ ಗಿಡ್ಡ. ವಿಹೀರ ಇದ್ದದ್ದು ವಿಹಿರೀತ, ವಕೀಲ ಇದ್ದದ್ದು ವಕಿಲಾಂನಾ. ನಾವು ವಕೀಲರಿಗೆ ಅಂದಾಗ ವಕೀಲ ಹಂಗೇ ಉಳೀತದ, ಅದಕ್ಕ ಮಕ್ಕಳು ಮೂಲ ಶಬ್ದ ಸರಿಯಾಗಿ ಕಲ್ತು ಅದಕ್ಕೇ ಪ್ರತ್ಯಯ ಹಚ್ಚಿ ಫೂಲಾಂಚಾ ಮಾಡ್ತಾರ. ಪಂಢರಪೂರಾತ ಅಂತ ಬರದಿದ್ದೂ ಇದೇ ತಪ್ಪು. ಊರ ಹೆಸರು ಪಂಢರಪೂರ, ಒಳಗ ಅನ್ನೋಕ ಆ ಸೇರ್ತದ, ಪಂಢರಪುರಾತ. ಆದ್ರ ಊರಿಗೆ ಹೋದ್ವಿ ಅನ್ನೋವಾಗ ನಡುವ ಆ ಬರಂಗಿಲ್ಲ, ನೇರ ಲಾ ಹತ್ತತದ, ಹಂಗಾಗಿ ಪಂಢರಪೂರಲಾ ಉದ್ದಾನೇ. ನಮ್ಮೂರಂದೇ ನೋಡ್ರಿ: ಸೋಲಾಪೂರ, ಸೋಲಾಪೂರಲಾ, ಸೋಲಾಪುರಾತ, ಸೋಲಾಪುರೀ ಚಾದರ. ನಾನು ಕ್ಲಾಸಿನಾಗ ಈ ನಾಕೇ ಬೋರ್ಡ್ ಮ್ಯಾಲೆ ಬರದು ವಾರಗಟ್ಲೆ ಬಿಟ್ಟಿರ್ತೀನಿ.

ಸಂಸ್ಕೃತ ಶಬ್ದ ಮಾತ್ರ ಈ ತಕ್ಕಡಿಗೆ ಬರಂಗಿಲ್ಲ. ಗುಣ, ಮಂದಿರ, ಮಧುರ ಕಡೀ ಅಕ್ಷರ ಬರೇದಾದ್ರೂ ಗಿಡ್ಡ, ಪೂಜಾ, ಪರೀಕ್ಷಾ ಕಡೀಗೆ ಆ ಇದ್ರೂ ಉದ್ದ, ಶರೀರ ಶರೀರಾಲಾ ಆದ್ರೂ ಉದ್ದ. ಇಲ್ಲಿ ನಿಮ್ಮ ಮಗಳಿಗೆ ಮರಾಠಿ ಮಕ್ಕಳಿಗಿಂತ ಸಲೀಸು, ಶಬ್ದದ ಒಳಗಿನ ಇ, ಉ ನಮ್ಮ ಗುಣ, ಪೂಜೆ, ಪರೀಕ್ಷೆ, ಶರೀರದಾಗ ಹೆಂಗದನೋ ಹಂಗ ಬರದ್ರಾತು. ಕಟ್ಟಕಡೀ ಅಕ್ಷರಕ್ಕ ಮಾತ್ರ ಕನ್ನಡ ನೆನಸಬಾರ್ದು.

ಸೊನ್ನೆ ಬಗ್ಗೆ ರಾತ್ರಿ ಬರೀತೀನ್ರಿ, ಪೇಪರ್ ತಿದ್ದೋದದ.

ಕಾಮೆಂಟ್ (ಮುಂಬೈ, ರಿಟೈರ್ಡ್ ಬ್ಯಾಂಕ್ ನೌಕರರು):

ಸೊನ್ನೆ ಬಗ್ಗೆ ತಲೆ ಕೆಡಿಸ್ಕೊಬೇಡಿ ತಾಯಿ, ಮರಾಠಿಯಲ್ಲಿ ಅನುಸ್ವಾರ ಎಲ್ಲಾ ತೆಗೆದುಹಾಕಿ ಕಾಲ ಆಯ್ತು. ನಮ್ಮ ಕಟ್ಟಡದ ಹಳೇ ಪತ್ರದಲ್ಲಿ ನಾಂವ, ಪಾಂಚ, ಕಾಂಹೀಂ, ಘರೀಂ ಅಂತ ಸಾಲಿಗೆ ಹತ್ತು ಚುಕ್ಕೆ ಇದೆ, ಈಗ ಪೇಪರ್‌ನಲ್ಲಿ ನಾವ, ಪಾಚ, ಕಾಹೀ ಅಂತಾನೇ ಬರ್ತದೆ. ಚುಕ್ಕೆ ಬಿಟ್ಟಿದ್ದಕ್ಕೆ ಮಾರ್ಕ್ ಕಟ್ ಮಾಡಿದ್ರೆ ಟೀಚರ್ ಹಳೇ ಕಾಲದವರಿರಬೇಕು.

ಟೀಚರ್:

ಕಾಕಾರ, ನೀವು ಕಂಡದ್ದು ಖರೇ ಅದ, ಆದ್ರ ಅರ್ಧ. 1962ರಾಗ ಮರಾಠಿ ಸಾಹಿತ್ಯ ಮಹಾಮಂಡಳದ 14 ನಿಯಮ ಸರ್ಕಾರ ಒಪ್ಪಿದಾಗ ಹೋಗಿದ್ದು ಬಾಯಾಗ ನುಡಿಯದ ಚುಕ್ಕಿ, ನೀವು ಹೇಳಿದ ನಾಂವ, ಪಾಂಚ ಅಂಥವು (1972ರಾಗ ಮತ್ತ 4 ಸೇರಿ ಈಗ 18 ನಿಯಮ ಅವ). ನುಡಿಯೋ ಚುಕ್ಕಿ, ಆಂಬಾ, ನಿಬಂಧ, ಅವು ಎಲ್ಲೂ ಹೋಗಿಲ್ಲ. ಮತ್ತ ಬಹುವಚನದ ಚುಕ್ಕಿನೂ ಹೋಗಿಲ್ಲ, ಈ ಹುಡುಗಿಗೆ ಗೆರೆ ಬಿದ್ದಿದ್ದು ಅಲ್ಲೇ.

ಅಕ್ಕಾರ, ಮುಲಾಲಾ ಅಂದ್ರ ಒಬ್ಬ ಹುಡುಗಗ, ಮುಲಾಂನಾ ಅಂದ್ರ ಹುಡುಗರಿಗೆ. ನಾಮಪದ ಬಹುವಚನ ಆಗಿ ಮುಂದ ಪ್ರತ್ಯಯ ಬಂದ್ರ ಪ್ರತ್ಯಯದ ಹಿಂದಿನ ಅಕ್ಷರಕ್ಕ ಚುಕ್ಕಿ ಬೇಕೇಬೇಕು: ಲೋಕಾಂನಾ, ಘರಾಂಪುಢೇ, ಫುಲಾಂಚಾ. ಮುಲಾಂನಾ ಅನ್ನೋವಾಗ ಮುಂದ ನಾ ಇರೋದರಿಂದ ಚುಕ್ಕಿ ಕಿವಿಗೆ ಬೀಳೋದಿಲ್ಲ, ಫುಲಾಂಚಾ ಅನ್ನೋವಾಗ ಬೀಳ್ತದ. ನಿಮ್ಮ ಮಗಳು ಫೂಲಾಂಚಾದಾಗ ಚುಕ್ಕಿ ಇಟ್ಟು ಮುಲಾನಾದಾಗ ಬಿಟ್ಟಾಳಲ್ಲ, ಇದಕ್ಕೇ. ನಾ, ನೀ ಮುಂದಿದ್ದಾಗ ಕಿವಿ ಮುಚ್ಕೊಂಡು ಎಷ್ಟು ಮಂದಿ ಅಂತ ಎಣಿಸು ಅಂತ ಹೇಳ್ರಿ.

ಬಾಬಾ ಒಬ್ಬರೇ, ಆದ್ರೂ ಚುಕ್ಕಿ ಯಾಕಂದ್ರ ಅದು ಗೌರವದ ಬಹುವಚನ, ನಾವು ಅಪ್ಪಾರು ಅಂದಂಗ. ಬಾಬಾಂನೀ, ಶಿಕ್ಷಕಾಂನೀ, ಬಾಈಂನೀ, ಮುಖ್ಯಮಂತ್ರ್ಯಾಂಚೇ. ಆದ್ರ ಅವ್ವಗ ಏಕವಚನದಾಗೇ ಕರೀತಾರ, ಆಈನೇ. ಹಂಗಾಗಿ ಒಂದೇ ನಿಬಂಧದಾಗ "ಆಈನೇ ಡಬಾ ದಿಲಾ, ಬಾಬಾಂನೀ ಹಾರ ಘೇತಲಾ" ಅಂತ ಬರ್ತದ, ಎರಡೂ ಸರಿ. ಪೂರ್ತಿ ತಿದ್ದಿದ್ರ ಹಿಂಗ: "ಪಂಢರಪುರಾತ ಖೂಪ ಗರ್ದೀ ಹೋತೀ. ಬಾಬಾಂನೀ ಫುಲಾಂಚಾ ಹಾರ ಘೇತಲಾ. ಲಹಾನ ಮುಲಾಂನಾ ಭೂಕ ಲಾಗಲೀ ಹೋತೀ."

ಕಾಮೆಂಟ್ (ಠಾಣೆ, ಡೈರಿ ಅಂಗಡಿ):

ಮೇಡಂ ನಮ್ದು ಹಾಲಿನ ಅಂಗಡಿ, ಪೇಂಟರ್ ಬೋರ್ಡ್ ಮೇಲೆ "ಮ್ಹಶೀಚೇ ಶುದ್ಧ ದುಧ" ಅಂತ ಬರ್ದು ಹೋದ, ಒಬ್ಬ ಅಜ್ಜ ದಿನಾ ಬಂದು ದುಧ ತಪ್ಪು ಅಂತಾರೆ, ನಾನು ಪೇಂಟರ್ ಮರಾಠಿಯವನೇ ಅಂತ ವಾದ ಮಾಡ್ತಿದ್ದೆ. ಈಗ ನೀವು ದೂಧ ಅಂತ ಬರ್ದಿದ್ದೀರಿ. ಹಾಗಾದ್ರೆ ಶುದ್ಧನೂ ಶೂದ್ಧ ಮಾಡಿಸ್ಬೇಕಾ, ಎರಡೂ ಒಟ್ಟಿಗೆ ಮಾಡಿಸ್ತೀನಿ.

ಟೀಚರ್:

ಅಜ್ಜಾರು ಹೇಳಿದ್ದು ಸರಿ ಅದ ಅಣ್ಣಾರ, ದೂಧ ಮಾಡಿಸ್ರಿ. ಶುದ್ಧ ಮುಟ್ಟಬ್ಯಾಡ್ರಿ, ಅದು ಸಂಸ್ಕೃತ. ಮುಂದ ಯಾವಾಗರ "ದುಧಾಚೀ ಮಿಠಾಈ" ಅಂತ ಬರೆಸೋದಿದ್ರ ಅಲ್ಲಿ ಮತ್ತ ಗಿಡ್ಡ.

ಕಾಮೆಂಟ್ (ನಾಗಪುರ, ರೈಲ್ವೆ ಕ್ವಾರ್ಟರ್ಸ್):

ನನ್ನ ಮಗನ ಹಿಂದಿ ಬುಕ್ಕಲ್ಲಿ ಕವಿ, ಗುರು ಅಂತ ಹ್ರಸ್ವಾನೇ ಇದೆಯಲ್ಲ, ನೀವು ಹೇಳ್ತಿರೋದು ತಪ್ಪಲ್ವಾ? ಅವ್ನು ಕವೀ ಅಂತ ಬರ್ದು ಹಿಂದೀಲಿ ಮಾರ್ಕ್ ಕಳ್ಕೊಂಡಿದ್ದಾನೆ.

ಟೀಚರ್:

ಅಣ್ಣಾರ, ಇವರು ಕೇಳಿದ್ದು ಮರಾಠಿದು. ಲಿಪಿ ಒಂದೇ, ಹಿಂದಿಯೊಳಗ ಕವಿ, ಮರಾಠಿಯೊಳಗ ಕವೀ. ನಿಮ್ಮ ಮಗ ಮರಾಠಿ ಸರಿಯಾಗಿ ಕಲ್ತು ಅದನ್ನ ಹಿಂದಿಗೆ ಒಯ್ದಾನ. ಕನ್ನಡ ಮನಿಯಾಗ ಮೂರು ಭಾಷಾ ಕೂಡಿ ಬರ್ತಾವ, ಹುಡುಗರ ಮ್ಯಾಲೆ ಸಿಟ್ಟಾಗಬ್ಯಾಡ್ರಿ.

ಪ್ರಶ್ನೆ ಕೇಳಿದವರು:

ಮೇಡಂ ಕೂತ್ಕೊಂಡು ಅವಳ ಹಳೇ ನೋಟ್‌ಬುಕ್ ಪೂರ್ತಿ ನೋಡಿದ್ವಿ, ಹೆಚ್ಚಿನದು ನೀವು ಹೇಳಿದ್ರಲ್ಲೇ ಬಂತು. ಎರಡು ಉಳಿದಿದೆ. ಚಿಂಚ, ಭಿಂತ, ಶಿಸ್ತ ಇವಕ್ಕೆಲ್ಲ ಕೊನೇ ಅಕ್ಷರ ಖಾಲಿ, ಆದ್ರೂ ಟೀಚರ್ ಹ್ರಸ್ವಾನೇ ಸರಿ ಅಂತ ಬಿಟ್ಟಿದ್ದಾರೆ. ಇನ್ನೊಂದು, ಒಂದು ಟೆಸ್ಟ್‌ನಲ್ಲಿ ಆಮ್ಹಾಲಾ ಸರಿ, ಇನ್ನೊಂದರಲ್ಲಿ ಅದನ್ನೇ ಆಮ್ಹಾಂಲಾ ಅಂತ ತಿದ್ದಿದ್ದಾರೆ.

ಟೀಚರ್:

ನಿಮ್ಮ ಮಗಳು ಹುಷಾರದಾಳ. ಇ, ಉ ತಲಿ ಮ್ಯಾಲೆ ಚುಕ್ಕಿ ಕೂತ್ರ ಅಥವಾ ಅದರ ಮುಂದ ಒತ್ತಕ್ಷರ ಬಂದ್ರ ಅದು ಗಿಡ್ಡಾನೇ ಉಳೀತದ, ಚಿಂಚ, ಭಿಂತ ಚುಕ್ಕಿಗೆ, ಶಿಸ್ತ, ಪುಷ್ಕಳ ಒತ್ತಕ್ಷರಕ್ಕ. ಇಲ್ಲೂ ಸಂಸ್ಕೃತ ಶಬ್ದ ಬಿಡ್ರಿ, ತೀಕ್ಷ್ಣ, ಮೂರ್ಖ ಕನ್ನಡದಾಗ ಇದ್ದಂಗೇ.

ಆಮ್ಹಾಂಲಾ ಅನ್ನೋದಕ್ಕ ಬಹುವಚನದ ನಿಯಮ ಹಿಡಿದ್ರ ಚುಕ್ಕಿ ಬೇಕು, ನಿಯಮದಾಗ ತುಮ್ಹಾಂಸ, ಆಪಣಾಂಸ ಅಂತ ಚುಕ್ಕಿ ಇಟ್ಟೇ ತೋರ್ಸ್ಯಾರ. ಆದ್ರ ಬಳಕಿಯೊಳಗ ಆಮ್ಹಾಲಾ, ತುಮ್ಹಾಲಾ ಅಂತಾನೇ ಬರೆಯೋರು ಬಾಳ ಮಂದಿ. ನಾನು ಚುಕ್ಕಿ ಇಟ್ಟೇ ಕಲಿಸ್ತೀನಿ, ಬಿಟ್ರ ಮಾರ್ಕ್ ಕಟ್ ಮಾಡಂಗಿಲ್ಲ.

ಕಾಮೆಂಟ್ (ಪುಣೆ, ಮರಾಠಿ ಪ್ರೂಫ್ ನೋಡುವವರು):

ಇದೊಂದರಲ್ಲಿ ನಾನು ಒಪ್ಪಲ್ಲ ಮೇಡಂ. ಆಮ್ಹಾ ಯಾವಾಗ್ಲೂ ಬಹುವಚನಾನೇ, ಏಕವಚನ ಮಲಾ ಅಂತ ಬೇರೇನೇ ಇದೆ, ಚುಕ್ಕೆ ಬಿಟ್ರೆ ಅರ್ಥ ಏನೂ ಕೆಡಲ್ಲ. ನಾನು ಆಮ್ಹಾಲಾ ಕಂಡ್ರೆ ಹಾಗೇ ಬಿಡ್ತೀನಿ, ಮುಲಾನಾ ಕಂಡ್ರೆ ಮಾತ್ರ ತಿದ್ದೇ ತಿದ್ದುತೀನಿ.

ಟೀಚರ್:

ಪ್ರೂಫಿಗೆ ನಿಮ್ಮ ಮಾತು ನಡೀತದ ಸರ್. ಪರೀಕ್ಷಾ ಪೇಪರ್ ತಿದ್ದೋರ ಕೈಯಾಗ ನಿಯಮದ ಪುಸ್ತಕ ಇರ್ತದ, ಅಲ್ಲಿ ಚುಕ್ಕಿ ಇಟ್ಟಿದ್ದನ್ನ ಯಾರೂ ತಪ್ಪು ಅನ್ನಂಗಿಲ್ಲ. ಅಕ್ಕಾರ, ಅದಕ್ಕ ಮಗಳಿಗೆ ಆಮ್ಹಾಂಲಾ ಅಂತಾನೇ ರೂಢಿ ಮಾಡಿಸ್ರಿ.