ಪದಚರ್ಚೆ: ಕ್ಯಾಶ್ ಇನ್‌ವ್ಯಾಲಿಡೇಟ್ ಮಾಡುವುದಕ್ಕೆ ‘ಅಳಿಸು’ ಅಂದರೆ ಸಾಕೇ?

ಮಂಜುನಾಥ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ.

ಕಾಫಿಪುಡಿ, ಮಸಾಲೆ ಮಾರುವ ಒಂದು ಆನ್‌ಲೈನ್ ಅಂಗಡಿಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಪಾಳಿಯ ಹುಡುಗರಿಗಾಗಿ ಕನ್ನಡದಲ್ಲೇ ಒಂದು ಕೈಪಿಡಿ ಬರೆದಿದ್ದೇನೆ. ಬೆಲೆಗಳ ಅಸಲಿ ಲೆಕ್ಕ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಪುಟ ಬೇಗ ತೆರೆಯಲಿ ಅಂತ ಅದರ ನಕಲನ್ನು ರೆಡಿಸ್‌ನಲ್ಲಿ ಒಂದು ಗಂಟೆ ಇಟ್ಟಿರುತ್ತೇವೆ. ಬೆಲೆ ಬದಲಾದ ಕೂಡಲೇ ಆ ನಕಲನ್ನು ಇನ್‌ವ್ಯಾಲಿಡೇಟ್ ಮಾಡಬೇಕು. ಕೈಪಿಡಿಯಲ್ಲಿ ಅದಕ್ಕೆ ‘ಅಳಿಸು’ ಅಂತ ಬರೆದೆ. ಕೊಡುವ ಆಜ್ಞೆಯೂ `DEL` ತಾನೇ?

ಕಳೆದ ವಾರ ಕಾಫಿಪುಡಿಯ ಬೆಲೆ ಕೆಜಿಗೆ 480 ಇದ್ದದ್ದನ್ನು 520 ಮಾಡಿದೆವು. ಡೇಟಾಬೇಸ್ ಬದಲಾಯಿತು, `DEL` ಕೂಡ ಆಯಿತು, ಲಾಗ್‌ನಲ್ಲಿ ಎರಡೂ ಇವೆ. ಆದರೂ ಪುಟದಲ್ಲಿ 480 ಕಾಣುತ್ತಿತ್ತು, ಬಿಲ್ ಮಾತ್ರ 520 ಬರುತ್ತಿತ್ತು. ಗಿರಾಕಿಗಳು ಫೋನ್ ಮಾಡಿ ಬೈದರು. ಪಾಳಿಯ ಹುಡುಗ ಕೈಪಿಡಿ ಹಿಡಿದುಕೊಂಡು ಕೇಳಿದ: "ಸರ್, ಅಳಿಸಿದ ಮೇಲೆ ಇರಬಾರದಲ್ವಾ? ಮತ್ತೆ ಹೆಂಗ್ ಬಂತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರೋಗ್ರಾಮ್ ತಪ್ಪಿರಬಹುದು, ಅದು ನನ್ನ ಹಣೆಬರಹ. ಆದರೆ ಪದವೂ ತಪ್ಪೇನೋ ಅನಿಸುತ್ತಿದೆ.

ಶ್ರೀನಿವಾಸ ರಾವ್, ಶಿವಮೊಗ್ಗ

ಕ್ಯಾಶನ್ನು ಅಳಿಸುವುದಕ್ಕೆ ಬರುವುದಿಲ್ಲ ಮಂಜುನಾಥರೇ. ಮೂವತ್ತು ವರ್ಷ ಲೆಕ್ಕ ಬರೆದವನು ನಾನು. ವೋಚರ್ ರದ್ದು ಮಾಡಿ, ಕ್ಯಾಶ್ ಪುಸ್ತಕದಲ್ಲಿ ತಿರುವು ನಮೂದು ಹಾಕಿ. ಪುಸ್ತಕದಲ್ಲಿ ಏನನ್ನೂ ಉಜ್ಜಿ ಅಳಿಸಬಾರದು.

ಪದ್ಮಾ, ಮೈಸೂರು

ರಾಯರೇ, ಅವರು ಹೇಳುತ್ತಿರುವುದು ಹಣದ ಕ್ಯಾಶ್ ಅಲ್ಲ, ಕಂಪ್ಯೂಟರ್ ಕೈಗೆ ಸಿಗುವಂತೆ ಇಟ್ಟುಕೊಳ್ಳುವ ನಕಲು. ಕನ್ನಡದಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತೇವೆ. ನಿಮ್ಮದೇನೂ ತಪ್ಪಿಲ್ಲ.

ಪದಕ್ಕೆ ಬಂದರೆ, ‘ಅಮಾನ್ಯ ಮಾಡು’ ಸರಿ. 2016ರ ನವೆಂಬರ್ ನೆನಪಿಸಿಕೊಳ್ಳಿ. ಪತ್ರಿಕೆಗಳು ‘ನೋಟು ರದ್ದತಿ’ ಅಂತಲೂ ಬರೆದವು, ‘ನೋಟು ಅಮಾನ್ಯೀಕರಣ’ ಅಂತಲೂ ಬರೆದವು. 500ರ ಹಳೆ ನೋಟು ಜೇಬಿನಲ್ಲೇ ಇತ್ತು, ಯಾರೂ ಹರಿದು ಹಾಕಲಿಲ್ಲ. ಅಂಗಡಿಯಲ್ಲಿ ನಡೆಯಲಿಲ್ಲ, ಅಷ್ಟೇ. ಒಂದು ಗಂಟೆ ಮುಗಿದು ನಕಲು ಹೋದರೂ ಅಮಾನ್ಯ, ಜಾಗ ಸಾಲದೆ ತೆಗೆದು ಹಾಕಿದರೂ ಅಮಾನ್ಯ, ಬೆಲೆ ಬದಲಾದರೂ ಅಮಾನ್ಯ. ಮೂರಕ್ಕೂ ಒಂದೇ ಪದ ಸಾಕು.

ಸುಧೀಂದ್ರ, ಬೆಂಗಳೂರು

ನೋಟಿನ ಹೋಲಿಕೆ ಬಹಳ ಚೆನ್ನಾಗಿದೆ. ಕೊನೆಯ ಸಾಲು ಮಾತ್ರ ಒಪ್ಪುವುದಿಲ್ಲ. ನಕಲು ಹೋಗುವುದಕ್ಕೆ ಮೂರು ಕಾರಣ ಇವೆ. ಮೂರನ್ನೂ ಒಂದೇ ಪದದಲ್ಲಿ ಹೇಳಿದರೆ ಪಾಳಿಯ ಹುಡುಗ ಮತ್ತೆ ಅದೇ ಗುಂಡಿಗೆ ಬೀಳುತ್ತಾನೆ. ಗಂಟೆ ಮುಗಿದು ಹೋದದ್ದು ಅವಧಿ ಮುಗಿದದ್ದು. ಮೆಮೊರಿ ತುಂಬಿ ರೆಡಿಸ್ ತಾನೇ ಹೊರಹಾಕಿದ್ದು ಎತ್ತಂಗಡಿ. ಈ ಎರಡರಲ್ಲಿ ಬೆಲೆ ಇನ್ನೂ ಸರಿಯಾಗಿಯೇ ಇರಬಹುದು, ಮತ್ತೆ ಅದೇ ಬೆಲೆ ಬಂದು ಕೂತರೆ ನಷ್ಟವಿಲ್ಲ. ಮೂರನೆಯದರಲ್ಲಿ ಮಾತ್ರ ‘ಆ ಹಳೆಯದು ಇನ್ನು ನಡೆಯುವುದಿಲ್ಲ’ ಅನ್ನುವ ಸುದ್ದಿ ಇದೆ.

ಈಗ ಮಂಜುನಾಥರ 480 ಹೇಗೆ ಮರಳಿ ಬಂತು ನೋಡೋಣ. ಅದೇ ಹೊತ್ತಿಗೆ ಯಾರೋ ಪುಟ ತೆರೆದಿದ್ದಾರೆ, ನಕಲಿನ ಗಂಟೆ ಆಗಷ್ಟೇ ಮುಗಿದಿದೆ ಅಂತ ಇಟ್ಟುಕೊಳ್ಳಿ. ‘ಪುಟ’ ಅಂದರೆ ಅವರ ಕಡೆಯ ಕೆಲಸ, ‘ಬೆಲೆ’ ಅಂದರೆ ನೀವು ಬೆಲೆ ಬದಲಿಸಿದ ಕೆಲಸ.

```
ಪುಟ   GET price:4417              -> (nil)
ಪುಟ   SELECT price ...            -> 480
ಬೆಲೆ   UPDATE ... 520; COMMIT
ಬೆಲೆ   DEL price:4417              -> (integer) 0
ಪುಟ   SET price:4417 480 EX 3600  -> OK
```

ಪುಟದ ಕೆಲಸ 480 ಅನ್ನು ಕೈಯಲ್ಲಿ ಹಿಡಿದುಕೊಂಡು ಅರೆಗಳಿಗೆ ತಡವಾಯಿತು. ಅಷ್ಟರಲ್ಲಿ ನೀವು ಬೆಲೆಯನ್ನೂ ಬದಲಿಸಿದಿರಿ, `DEL` ಕೂಡ ಕೊಟ್ಟಿರಿ. ನಾಲ್ಕನೇ ಸಾಲಿನ ಉತ್ತರ ಸೊನ್ನೆ. ಅಂದರೆ ಅಳಿಸುವುದಕ್ಕೆ ಅಲ್ಲಿ ಏನೂ ಇರಲೇ ಇಲ್ಲ! ಆಮೇಲೆ ಹಳೇ ನೋಟು ಹಿಡಿದವನು ಬಂದು ಕೌಂಟರಿನಲ್ಲಿ ಇಟ್ಟ, ರೆಡಿಸ್ ಸುಮ್ನೆ ತೆಗೆದುಕೊಂಡಿತು. ಅದು ಹಳೆಯದು ಅಂತ ರೆಡಿಸ್‌ಗೆ ಯಾರೂ ಹೇಳಿರಲಿಲ್ಲ. `DEL` ಅಂಥ ಮಾತು ಹೇಳುವುದೂ ಇಲ್ಲ.

ರೆಡಿಸ್‌ನಲ್ಲಿ ಇನ್‌ವ್ಯಾಲಿಡೇಟ್ ಅನ್ನುವ ಆಜ್ಞೆಯೇ ಇಲ್ಲ ಅನ್ನುವುದನ್ನೂ ಗಮನಿಸಿ. 6ನೇ ಆವೃತ್ತಿಯಲ್ಲಿ `CLIENT TRACKING` ಬಂದಾಗ ಆ ಪದ ಒಂದು ಕಡೆ ಕಾಣಿಸಿಕೊಂಡಿತು. ಅಲ್ಲಿಯೂ ಅದು ಅಳಿಸುವ ಕೆಲಸವಲ್ಲ, ‘ನಿನ್ನ ಹತ್ತಿರ ಇರುವ ಪ್ರತಿ ಇನ್ನು ನಡೆಯುವುದಿಲ್ಲ’ ಅಂತ ಕ್ಲೈಂಟಿಗೆ ಕಳಿಸುವ ಸಂದೇಶ. ಹಾಗಾಗಿ ನಿಮ್ಮ ಅನುಮಾನ ಸರಿ, ಪದವೂ ತಪ್ಪು.

ಇದೇ ಆಗಿದ್ದು ಅಂತ ಖಾತ್ರಿ ಮಾಡಿಕೊಳ್ಳಲು ಒಂದು ದಾರಿ ಇದೆ. ಆವತ್ತು ಯಾರಾದರೂ ಆ ಕೀಯ `TTL`, ಅಂದರೆ ಅವಧಿ ಮುಗಿಯಲು ಇನ್ನೆಷ್ಟು ಸೆಕೆಂಡ್ ಉಳಿದಿದೆ ಅನ್ನುವುದನ್ನು, ನೋಡಿದ್ದರಾ? 3600ರಿಂದ ಅದನ್ನು ಕಳೆದರೆ ನಕಲು ಎಷ್ಟು ಸೆಕೆಂಡಿನ ಹಿಂದೆ ಕೂತಿತು ಅಂತ ಸಿಗುತ್ತದೆ. ಅದನ್ನು ಡೇಟಾಬೇಸ್‌ನಲ್ಲಿ ಬೆಲೆ ಬದಲಾದ ಹೊತ್ತಿನ ಜೊತೆ ಇಟ್ಟು ನೋಡಿ.

ಕಿರಣ್, ಪುಣೆ

ಇಷ್ಟೆಲ್ಲ ಯಾಕೆ? ಒಂದು ಸೆಕೆಂಡ್ ಬಿಟ್ಟು ಇನ್ನೊಂದು ಸಲ `DEL` ಕೊಡಿ. ನಮ್ಮಲ್ಲಿ ಹಾಗೇ ಮಾಡಿದ್ದೇವೆ, ತೊಂದರೆ ಬಂದಿಲ್ಲ. ಪದ ಬೇಕಾದರೆ ‘ಎರಡು ಸಲ ಅಳಿಸು’ ಅನ್ನಿ.

ಮಂಜುನಾಥ, ಹುಬ್ಬಳ್ಳಿ

ಸುಧೀಂದ್ರ ಅವರೇ, ಸಿಕ್ಕಿತು. ಹುಡುಗ 11:20ಕ್ಕೆ ಸರಿಯಾಗಿ `TTL` ನೋಡಿದ್ದಾನೆ, 2911 ಬಂದಿದೆ. 3600ರಲ್ಲಿ ಕಳೆದರೆ 689 ಸೆಕೆಂಡ್, ಅಂದರೆ ಹನ್ನೊಂದೂವರೆ ನಿಮಿಷಕ್ಕೆ ಒಂದು ಸೆಕೆಂಡ್ ಕಡಿಮೆ. ಹಾಗಾದರೆ 480 ಕೂತದ್ದು 11:08:31ಕ್ಕೆ. ಡೇಟಾಬೇಸ್‌ನಲ್ಲಿ ಬೆಲೆ ಬದಲಾದದ್ದೂ 11:08:31! `DEL`ನ ಉತ್ತರ ಸೊನ್ನೆ ಅಂತಲೇ ಲಾಗ್‌ನಲ್ಲಿದೆ. ಆ ಸೊನ್ನೆಯನ್ನು ನಾವು ಯಾರೂ ಓದಿರಲಿಲ್ಲ.

ಸುಧೀಂದ್ರ, ಬೆಂಗಳೂರು

ಕಿರಣ್ ಹೇಳಿದ್ದು ಬಹಳ ಸಲ ಕೆಲಸ ಮಾಡುತ್ತದೆ. ಪುಟದ ಕೆಲಸ ಎರಡು ಸೆಕೆಂಡ್ ತಡವಾದ ದಿನ ಕೆಲಸ ಮಾಡುವುದಿಲ್ಲ. ಆ ದಿನ ಯಾವತ್ತು ಅಂತ ನಿಮಗೆ ಗೊತ್ತಾಗುವುದೂ ಇಲ್ಲ.

ಅದಕ್ಕಿಂತ ಬೆಲೆಗೆ ಒಂದು ಸರಣಿ ಸಂಖ್ಯೆ ಕೊಡಿ. ಬೆಲೆ ಬದಲಾದಾಗೆಲ್ಲ ಡೇಟಾಬೇಸ್‌ನಲ್ಲಿ `ver = ver + 1` ಆಗಲಿ. ಓದುವಾಗ ಬೆಲೆಯ ಜೊತೆ ಆ ಸಂಖ್ಯೆಯೂ ಬರಲಿ. ರೆಡಿಸ್‌ಗೆ ಹಾಕುವವರು ಯಾರೇ ಆಗಲಿ, ಈ ಸ್ಕ್ರಿಪ್ಟ್ ದಾಟಿಯೇ ಹೋಗಬೇಕು.

```
local cur = redis.call('HGET', KEYS[1], 'ver')
if cur and tonumber(cur) >= tonumber(ARGV[1]) then
  return 0
end
redis.call('HSET', KEYS[1], 'ver', ARGV[1], 'price', ARGV[2])
redis.call('EXPIRE', KEYS[1], 3600)
return 1
```

`COMMIT` ಆದ ಮೇಲೆ ನೀವು `DEL` ಕೊಡಬೇಡಿ. 8ನೇ ಸಂಖ್ಯೆ, 520 ಅಂತ ಇದರ ಮೂಲಕವೇ ಬರೆಯಿರಿ. 7ನೇ ಸಂಖ್ಯೆಯ 480 ಹಿಡಿದು ತಡವಾಗಿ ಬಂದವನಿಗೆ ಸೊನ್ನೆ ಉತ್ತರ ಸಿಗುತ್ತದೆ, ಬಾಗಿಲಿನಿಂದಲೇ ವಾಪಸ್. ಆ 8 ಹೊಲದ ಗಡಿಕಲ್ಲಿನ ಹಾಗೆ ನಿಂತಿರಬೇಕು. `DEL` ಮಾಡಿದರೆ ಗಡಿಕಲ್ಲನ್ನೇ ಕಿತ್ತು ಹಾಕಿದ ಹಾಗೆ.

ಆದರೂ ಇದು ಪೂರ್ತಿ ಭದ್ರ ಅಲ್ಲ. ಮೆಮೊರಿ ತುಂಬಿ ಆ ಕೀ ಎತ್ತಂಗಡಿಯಾದರೆ ಗಡಿಕಲ್ಲೂ ಹೋಯಿತು. `COMMIT` ಆಗಿ ರೆಡಿಸ್‌ಗೆ ಬರೆಯುವ ಮೊದಲೇ ಪ್ರೋಗ್ರಾಮ್ ಬಿದ್ದುಹೋದರೆ 480 ಅಲ್ಲೇ ಉಳಿಯುತ್ತದೆ. ಅದಕ್ಕೇ ಆ ಒಂದು ಗಂಟೆಯನ್ನು ಐದು ನಿಮಿಷಕ್ಕೆ ಇಳಿಸುವುದು ಒಳ್ಳೆಯದು.

ಶ್ರೀನಿವಾಸ ರಾವ್, ಶಿವಮೊಗ್ಗ

ಈಗ ಅರ್ಥವಾಯಿತು. ಕಿರಾಣಿ ಅಂಗಡಿಯ ಕಪಾಟಿನ ಬೆಲೆಚೀಟಿ ಮತ್ತು ಬಿಲ್ಲಿಂಗ್ ಮಿಷನ್ನಿನ ಜಗಳ ಇದು, ಅಲ್ವಾ? ನನ್ನ ತಮ್ಮನ ಅಂಗಡಿಯಲ್ಲಿ ದಿನಾ ಇರುತ್ತದೆ. ಮೇಲಿನವರು ಹೊಸ ಚೀಟಿ ಅಂಟಿಸು ಅನ್ನುತ್ತಾರೆ. ಹುಡುಗ ಬೆಳಿಗ್ಗೆ ಮುದ್ರಿಸಿಟ್ಟ ಹಳೆಯ ಚೀಟಿಯನ್ನೇ ಸಂಜೆ ಹೋಗಿ ಅಂಟಿಸುತ್ತಾನೆ. ಈಗ ಚೀಟಿಯ ಮೂಲೆಯಲ್ಲಿ ತಾರೀಖು ಹಾಕುತ್ತಾರೆ.

ಪದ ಹೇಳುತ್ತೇನೆ, ‘ಅಸಿಂಧು’. ಮತ ಎಣಿಕೆಗೆ ಹೋದಾಗ ದಿನವಿಡೀ ಬಾಯಲ್ಲಿ ಇದ್ದ ಪದ. ಅಸಿಂಧು ಮತಪತ್ರವನ್ನು ಹರಿದು ಹಾಕುವುದಿಲ್ಲ, ಬೇರೆ ಕಟ್ಟು ಕಟ್ಟಿ ಇಡುತ್ತೇವೆ. ಲೆಕ್ಕಕ್ಕೆ ಮಾತ್ರ ಬರುವುದಿಲ್ಲ.

ಪದ್ಮಾ, ಮೈಸೂರು

ಪದ ಗಟ್ಟಿಯಾಗಿದೆ. ಆದರೆ ಅಸಿಂಧು ಮತ ಹಾಕಿದ ಗಳಿಗೆಯಿಂದಲೇ ಅಸಿಂಧು. 480 ಹಾಗಲ್ಲ. 11:08ರವರೆಗೆ ಅದು ಸರಿಯಾದ ಬೆಲೆಯೇ ಆಗಿತ್ತು. ನಡೆಯುತ್ತಿದ್ದದ್ದು ನಡೆಯದ ಹಾಗಾಯಿತು. ಅದಕ್ಕೆ ನೋಟಿನ ‘ಅಮಾನ್ಯ’ವೇ ಹತ್ತಿರ ಅನ್ನುತ್ತೇನೆ. ಮೂರಕ್ಕೂ ಒಂದೇ ಪದ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ‘ಎತ್ತಂಗಡಿ’ ಕೇಳಿ ಖುಷಿಯಾಯಿತು.

ಇನ್ನೊಂದು ಕೇಳಬೇಕು. ರೆಡಿಸ್‌ನಲ್ಲಿ ಉಳಿದ ಹಳೇ ಬೆಲೆಗೆ ‘ಹಳಸಿದ ಬೆಲೆ’ ಅನ್ನಬಹುದೇ?

ಸುಧೀಂದ್ರ, ಬೆಂಗಳೂರು

‘ತಂಗಳು’ ಅನ್ನಿ. ರಾತ್ರಿಯ ತಂಗಳನ್ನು ಬೆಳಿಗ್ಗೆ ಮೊಸರು ಕಲಸಿ ತಿನ್ನಬಹುದು. ಹಳಸಿದ್ದನ್ನು ತಿನ್ನುವ ಹಾಗಿಲ್ಲ. ಪಟ್ಟಿ ಪುಟದಲ್ಲಿ ಒಂದೆರಡು ನಿಮಿಷ ತಂಗಳು ಬೆಲೆ ಕಂಡರೆ ನಡೆಯುತ್ತದೆ. ಬಿಲ್ಲಿಗೆ ಮಾತ್ರ ಯಾವತ್ತೂ ಡೇಟಾಬೇಸ್‌ನಿಂದ ಬಿಸಿಬಿಸಿ ಬೆಲೆಯನ್ನೇ ಓದಬೇಕು. ಮಂಜುನಾಥರ ಅಂಗಡಿ ಅಷ್ಟನ್ನು ಸರಿಯಾಗಿ ಮಾಡಿತ್ತು. ಹಾಗಾಗಿ ಬೈಗುಳ ತಿಂದರೂ ದುಡ್ಡು ಕಳೆದುಕೊಳ್ಳಲಿಲ್ಲ.

ಕಿರಣ್, ಪುಣೆ

480 ನೋಡಿ ಆರ್ಡರ್ ಮಾಡಿದವನ ಹತ್ತಿರ 520 ತೆಗೆದುಕೊಳ್ಳುವುದಕ್ಕೆ ‘ಸರಿಯಾಗಿ ಮಾಡಿತ್ತು’ ಅಂತೀರಾ? ನಾನಾಗಿದ್ದರೆ ಕಾರ್ಟಿಗೆ ಹಾಕಿದ ಬೆಲೆಯನ್ನೇ ಹಿಡಿಯುತ್ತಿದ್ದೆ. ಅವನ ಮಟ್ಟಿಗೆ ಅದು ತಂಗಳೂ ಅಲ್ಲ, ಅಮಾನ್ಯವೂ ಅಲ್ಲ.

ಸುಧೀಂದ್ರ, ಬೆಂಗಳೂರು

ಅದು ಅಂಗಡಿಯವರು ತೀರ್ಮಾನ ಮಾಡಬೇಕಾದ್ದು, ರೆಡಿಸ್ ಅಲ್ಲ. ಬಿಲ್ ಪುಟದಲ್ಲಿ ‘ಬೆಲೆ ಬದಲಾಗಿದೆ, ಒಪ್ಪುತ್ತೀರಾ’ ಅಂತ ಕೇಳುವುದು ನನಗೆ ಸರಿ ಕಾಣುತ್ತದೆ. ನಿಮ್ಮದೂ ತಪ್ಪು ಅನ್ನಲಾರೆ.

ಮಂಜುನಾಥ, ಹುಬ್ಬಳ್ಳಿ

ಕೈಪಿಡಿಯಲ್ಲಿ ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: "ಬೆಲೆ ಬದಲಾದರೆ ಹಳೆಯದನ್ನು ಅಮಾನ್ಯ ಮಾಡಬೇಕು. ಅಳಿಸಿದರೆ ಸಾಲದು. ಹೊಸ ಸಂಖ್ಯೆಯ ಜೊತೆ ಹೊಸ ಬೆಲೆ ಬರೆಯಬೇಕು. ಉತ್ತರ 1 ಬಂತಾ ಅಂತ ನೋಡಿ. ಸೊನ್ನೆ ಬಂದರೆ ಆ ಸಂಖ್ಯೆಯೋ ಅದಕ್ಕಿಂತ ಹೊಸದೋ ಆಗಲೇ ಕೂತಿದೆ ಅಂತ ಅರ್ಥ, `HGET`ನಿಂದ `ver` ಓದಿ." ಪಾಳಿಯ ಹುಡುಗ ಓದಿ ತಲೆಯಾಡಿಸಿದ. ಆದರೂ ಬಾಯಲ್ಲಿ ಮಾತ್ರ ‘ಅಸಿಂಧು’ ಅಂತಲೇ ಹೇಳುತ್ತಾನೆ. ಅವರಪ್ಪನೂ ಮತ ಎಣಿಕೆಗೆ ಹೋಗುತ್ತಿದ್ದರಂತೆ.

ಒಂದು ತೊಡಕು ಬಂತು. ಸ್ಕ್ರಿಪ್ಟ್ ಓಡಿಸಿದರೆ `WRONGTYPE` ಅಂತ ತಪ್ಪು ತೋರಿಸುತ್ತಿದೆ.

ಸುಧೀಂದ್ರ, ಬೆಂಗಳೂರು

ಹಳೆಯ `price:4417` ಸ್ಟ್ರಿಂಗ್ ಆಗಿ ಕೂತಿದೆ, ಈ ಸ್ಕ್ರಿಪ್ಟ್ ಹ್ಯಾಶ್ ಕೇಳುತ್ತದೆ. ಹೊಸದಕ್ಕೆ `pricev:4417` ಅಂತ ಬೇರೆ ಹೆಸರು ಕೊಡಿ. ಹಳೆಯವು ಒಂದು ಗಂಟೆಯಲ್ಲಿ ತಾವಾಗಿಯೇ ಹೋಗುತ್ತವೆ. ಅವಕ್ಕೆ ‘ಅವಧಿ ಮುಗಿಯಿತು’ ಅಂತಲೇ ಬರೆಯಿರಿ.